ಮುಖ ಬೆಳ್ಳಗೆ, ಕತ್ತು ಕಪ್ಪಗೆ

ಚರ್ಮದ ರಂಧ್ರ ಫೋಟೋದಲ್ಲಿ ಕಾಣುವುದು ಅದು ಸುತ್ತಲಿನ ಚರ್ಮಕ್ಕಿಂತ ಒಂದಿಷ್ಟು ಕಪ್ಪಾಗಿರುವುದರಿಂದ. ಬಣ್ಣ ತಿದ್ದುವಾಗ ಈ ಸಣ್ಣ ವ್ಯತ್ಯಾಸ ಅಳಿಸಿದರೆ ಮುಖ ಮೇಣದ ಬೊಂಬೆಯಂತಾಗುತ್ತದೆ. ಬ್ಲರ್ ಮಾಡಿದರೆ ಆಗುವುದು ಇದೇ. ಫೋಟೋಶಾಪ್‌ನ ಕರ್ವ್ಸ್ ಹಾಗಲ್ಲ. ಅದು ಪಕ್ಕದ ಬಿಂದುಗಳನ್ನು ಬೆರೆಸುವುದಿಲ್ಲ, ಪ್ರತಿ ಬಿಂದುವಿನ ಬೆಳಕನ್ನಷ್ಟೇ ಬದಲಿಸುತ್ತದೆ. ಗೆರೆ ಕಡಿದಾದ ಕಡೆ ರಂಧ್ರಗಳು ಎದ್ದು ಕಾಣುತ್ತವೆ, ಚಪ್ಪಟೆಯಾದ ಕಡೆ ಮಾಸುತ್ತವೆ.

ಮದುವೆ ಆಲ್ಬಮ್‌ಗಳಲ್ಲಿ ಪದೇ ಪದೇ ಎದುರಾಗುವ ತೊಂದರೆಯನ್ನೇ ನೋಡಬಹುದು. ವಧುವಿನ ಮುಖಕ್ಕೆ ಮೇಕಪ್ ದಟ್ಟವಾಗಿದೆ, ಕತ್ತು ಹಾಗೇ ಉಳಿದಿದೆ. ಕೆನ್ನೆಯ ಬೆಳಕು 190, ಕತ್ತಿನದು 110 ಎಂದಿಟ್ಟುಕೊಳ್ಳೋಣ. ಕತ್ತನ್ನು ಪೂರ್ತಿ ಮುಖದ ಮಟ್ಟಕ್ಕೆ ಎತ್ತುವುದು ಹಲವರ ಅಭ್ಯಾಸ, ಆದರೆ ಅದು ಒಳ್ಳೆಯ ದಾರಿಯಲ್ಲ. ಗದ್ದದ ನೆರಳಿನಲ್ಲಿರುವ ಕತ್ತು ಮುಖಕ್ಕಿಂತ ತುಸು ಕಪ್ಪಾಗಿಯೇ ಇರಬೇಕು. ಆ ನೆರಳು ಹೋದರೆ ಮುಖ ಕತ್ತಿಗೆ ಅಂಟಿಸಿದಂತೆ ಕಾಣುತ್ತದೆ. ಮುಖವನ್ನು ಇಳಿಸಿ, ಕತ್ತನ್ನು ಸ್ವಲ್ಪ ಎತ್ತಿ, ಎರಡನ್ನೂ ಹತ್ತಿರ ತರುವುದು ಸರಿ.

ಕತ್ತಿಗೊಂದು, ಮುಖಕ್ಕೊಂದು ಕರ್ವ್ಸ್ ಲೇಯರ್ ಬೇಕು. ಎರಡರ ಬ್ಲೆಂಡ್ ಮೋಡ್ ಲ್ಯೂಮಿನಾಸಿಟಿ ಇರಲಿ, ಆಗ ಬೆಳಕು ಮಾತ್ರ ಬದಲಾಗುತ್ತದೆ. ಕತ್ತಿನ ಗೆರೆಯಲ್ಲಿ 50ನ್ನು 50ರಲ್ಲೇ ಕಟ್ಟಿಹಾಕಿ 110ನ್ನು 128ಕ್ಕೆ ಎತ್ತಿದರೆ ಗದ್ದದಡಿಯ ಕಡುನೆರಳು ಕದಲುವುದಿಲ್ಲ. ಎರಡು ಬಿಂದುಗಳ ನಡುವೆ ಗೆರೆ ಕಡಿದಾಗುವುದರಿಂದ ಕತ್ತಿನ ಚರ್ಮದ ಸೂಕ್ಷ್ಮ ಗೆರೆಗಳೂ ಉಳಿಯುತ್ತವೆ. ಮುಖದ ಗೆರೆಯಲ್ಲಿ 90ನ್ನು ಹಾಗೇ ಬಿಟ್ಟು 190ನ್ನು 178ಕ್ಕೆ ಇಳಿಸಬೇಕು. ಇದರಿಂದ ಹಣೆಯ ಹೊಳಪಿನಲ್ಲಿ ರಂಧ್ರಗಳು ಇನ್ನಷ್ಟು ಸ್ಪಷ್ಟವಾಗುತ್ತವೆ, ಮೊಡವೆ ಕಲೆಯೂ ಹಾಗೆಯೇ! ಮಾಸ್ಕ್ ಅನ್ನು ಮೊದಲು ಕಪ್ಪು ಮಾಡಿ, ಮೆತ್ತನೆ ಬ್ರಷ್‌ನ ಫ್ಲೋ 10ರಷ್ಟಿಟ್ಟು, ಹಲವು ಸಲ ಸವರಿ ತುಂಬಬೇಕು. ಗಡುಸು ಅಂಚಿದ್ದರೆ ಗದ್ದದ ಸುತ್ತ ಬಿಳಿ ಗೆರೆ ಬರುತ್ತದೆ.

ಬೆಳಕು ಹೊಂದಿದ ಮೇಲೂ ಮೇಕಪ್ ಹಾಕಿದ ಮುಖ ಗುಲಾಬಿಯಾಗಿಯೂ ಕತ್ತು ಹಳದಿಯಾಗಿಯೂ ಕಾಣಬಹುದು. ಸೆಲೆಕ್ಟಿವ್ ಕಲರ್‌ಗೆ ಕೆಲಸವಿರುವುದು ಇಲ್ಲಿಯೇ. ಮುಖದ ಮಾಸ್ಕನ್ನೇ ಅದಕ್ಕೂ ಕೊಟ್ಟು, ರೆಡ್ಸ್ ವಿಭಾಗದಲ್ಲಿ ಯೆಲ್ಲೊ 6ರಷ್ಟು ಹೆಚ್ಚಿಸಿ, ಮೆಜೆಂಟಾ 4ರಷ್ಟು ಕಡಿಮೆ ಮಾಡಿ ನೋಡಬೇಕು. ರೆಲೆಟಿವ್ ಆಯ್ಕೆ ಮೃದುವಾಗಿ ಕೆಲಸ ಮಾಡುತ್ತದೆ. ಇನ್ನೂ ಚೂರು ಗಾಢವಾಗಬೇಕಿದ್ದರೆ ಅಲ್ಲೇ ಬ್ಲ್ಯಾಕ್ ಸ್ಲೈಡರ್ ಇದೆ. ತುಟಿಯೂ ಕೆಂಪಿನ ಗುಂಪಿಗೇ ಸೇರುವುದರಿಂದ ಮಾಸ್ಕಿನಲ್ಲಿ ಅದನ್ನು ಕಪ್ಪಿನಿಂದ ಮುಚ್ಚಬೇಕು. ಇಲ್ಲವಾದರೆ ಲಿಪ್‌ಸ್ಟಿಕ್‌ನ ಬಣ್ಣವೂ ಬದಲಾಗುತ್ತದೆ.

ಕೊನೆಗೆ ಎಲ್ಲಕ್ಕಿಂತ ಮೇಲೆ ತಾತ್ಕಾಲಿಕವಾಗಿ ಒಂದು ಬ್ಲ್ಯಾಕ್ ಅಂಡ್ ವೈಟ್ ಲೇಯರ್ ಹಾಕಿದರೆ ಕಣ್ಣಿಗೆ ಬಣ್ಣದ ಮೋಸವಿರುವುದಿಲ್ಲ. ಮುಖ ಮತ್ತು ಕತ್ತಿನ ನಡುವೆ ಗದ್ದದ ನೆರಳಷ್ಟೇ ಕಂಡರೆ ಕೆಲಸ ಸರಿಯಾಗಿದೆ, ಪಟ್ಟಿಯಂತೆ ಏನಾದರೂ ಕಂಡರೆ ಮಾಸ್ಕ್ ತಪ್ಪಿದೆ. ರಂಧ್ರಗಳನ್ನು ಪರೀಕ್ಷಿಸಲು ಚಿತ್ರವನ್ನು 100% ಗಾತ್ರದಲ್ಲೇ ನೋಡಬೇಕು. ಫ್ಲ್ಯಾಶ್ ಬಡಿದು ಮೂಗಿನ ತುದಿ 255 ಮುಟ್ಟಿದ್ದರೆ ಅಲ್ಲಿ ಉಳಿಸಲು ರಂಧ್ರಗಳೇ ಇಲ್ಲ. ಇಳಿಸಿದರೆ ಬೂದು ಕಲೆಯಾಗುತ್ತದೆ, ಬೇರೆ ಫ್ರೇಮ್ ಆರಿಸಿಕೊಳ್ಳುವುದೇ ಲೇಸು.