ಬಾಣ ಎಲ್ಲಿಗೆ ಹೋಯ್ತು ಮಾರಾಯ?

ನಮ್ಮ ಭಾವ ನಿವೃತ್ತಿಯಾದ ಮೇಲೆ ಊರ ದೇವಸ್ಥಾನದ ಲೆಕ್ಕ ಬರೆಯುತ್ತಾರೆ. ಒಂದು ಕಣ್ಣಿನ ಪೊರೆ ತೆಗೆಸಿಯಾಗಿದೆ, ಇನ್ನೊಂದರದು ಬಾಕಿ. ಲ್ಯಾಪ್‌ಟಾಪಿನ ಎಡಭಾಗದಲ್ಲಿ ಜಮಾಖರ್ಚಿನ ಕಿಟಕಿ, ಬಲಭಾಗದಲ್ಲಿ ಭಕ್ತರ ವಿಳಾಸದ ಕಿಟಕಿ, ಎರಡೂ ಹಳೆಯ ಸಾಫ್ಟ್‌ವೇರಿನವು. ಒಂದು ದಿನ ಯಾರೋ ಕೊಟ್ಟ 5,001 ರೂಪಾಯಿ ಕಾಣಿಕೆ ಲೆಕ್ಕಕ್ಕೆ ಸಿಗಲೇ ಇಲ್ಲ. ಸಂಜೆಯವರೆಗೆ ಹುಡುಕಿದ ಮೇಲೆ ಅದು ಆ ಭಕ್ತರ ಫೋನ್ ನಂಬರಿನ ಜಾಗದಲ್ಲಿ ಕೂತಿತ್ತು. ಭಾವ ತಮ್ಮ ಕಣ್ಣನ್ನು ಬೈದುಕೊಂಡರು. ನಾನು ಹೋಗಿ ನೋಡಿದರೆ, ಬೈಯಬೇಕಾದದ್ದು ಕಣ್ಣನ್ನಲ್ಲ.

ಎರಡು ಕಿಟಕಿಗಳೂ ಬೆಳ್ಳಗಿದ್ದವು. ಅವುಗಳ ನೆತ್ತಿಯ ಪಟ್ಟಿ, ಅಂದರೆ ಟೈಟಲ್ ಬಾರ್, ಕೂಡ ಬೆಳ್ಳಗೆ. ಈ ಪಟ್ಟಿಯ ಕೆಲಸ ಹೆಸರು ತೋರಿಸುವುದಷ್ಟೇ ಅಲ್ಲ. ಈಗ ಕೀಲಿ ಒತ್ತಿದರೆ ಅಕ್ಷರ ಯಾವ ಕಿಟಕಿಗೆ ಬೀಳುತ್ತದೆ ಎಂದು ಹೇಳುವುದೂ ಅದೇ. ವಿಂಡೋಸ್ 95ರಲ್ಲಿ ಚಾಲ್ತಿಯಲ್ಲಿರುವ ಕಿಟಕಿಗೆ ಕಡುನೀಲಿ ಪಟ್ಟಿ, ಉಳಿದವಕ್ಕೆ ಬೂದು ಪಟ್ಟಿ ಇರುತ್ತಿತ್ತು. ಕೋಣೆಯ ಆ ಮೂಲೆಯಿಂದ ನೋಡಿದರೂ ಗೊತ್ತಾಗುತ್ತಿತ್ತು. 2015ರ ಜುಲೈನಲ್ಲಿ ವಿಂಡೋಸ್ 10 ಬಂದಾಗ ಎಲ್ಲ ಪಟ್ಟಿಗಳನ್ನೂ ಬಿಳಿ ಮಾಡಿಟ್ಟರು. ಅದೇ ನವೆಂಬರಿನ ಅಪ್‌ಡೇಟ್‌ನಲ್ಲಿ ಬಣ್ಣ ವಾಪಸು ಬಂತು, ಆದರೆ ನಾವಾಗಿ ಹೋಗಿ ಹಾಕಿಕೊಂಡರೆ ಮಾತ್ರ. ವಿಂಡೋಸ್ 11ರಲ್ಲೂ ಅದೇ ಪದ್ಧತಿ. ಚೆಂದಕ್ಕಾಗಿ ಮಾಡಿದ್ದು ಇರಬಹುದು. ಭಾವನವರಂಥವರಿಗೆ ಅದು ಮನೆಬಾಗಿಲಿನ ನಂಬರ್ ಅಳಿಸಿದ ಹಾಗೆ.

ಭಾವನವರ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ 11. ವಿಂಡೋಸ್ ಕೀಲಿಯ ಜೊತೆ I ಒತ್ತಿದರೆ Settings ತೆರೆಯುತ್ತದೆ. ಅಲ್ಲಿ Personalization, ಅದರೊಳಗೆ Colors. ಈ ಪುಟದಲ್ಲಿ Accent color ಎಂಬ ಸಾಲಿದೆ. ಗುಂಡಿ, ಸ್ವಿಚ್ಚು, ಆಯ್ದುಕೊಂಡ ಸಾಲು ಮುಂತಾದ ಕಡೆ ಎದ್ದು ಕಾಣಲೆಂದು ವಿಂಡೋಸ್ ಬಳಸುವ ಬಣ್ಣ ಇದು. ಬಿಳಿ ಸೀರೆಗೆ ಬಣ್ಣದ ಅಂಚು ಇದ್ದ ಹಾಗೆ. ಅದರ ಮುಂದಿನ ಆಯ್ಕೆ Automatic ಆಗಿದ್ದರೆ ವಿಂಡೋಸ್ ಪರದೆಯ ಹಿನ್ನೆಲೆ ಚಿತ್ರದಿಂದ ತಾನೇ ಒಂದು ಬಣ್ಣ ಹೆಕ್ಕಿಕೊಳ್ಳುತ್ತದೆ. ಚಿತ್ರ ಬದಲಾದರೆ ಬಣ್ಣವೂ ಬದಲಾದೀತು. ಗುರುತಿಗಾಗಿ ಇಟ್ಟುಕೊಂಡ ಬಣ್ಣ ಹಾಗೆ ಬದಲಾಗಬಾರದು, ಆದ್ದರಿಂದ Manual ಮಾಡಬೇಕು. ಅದೇ ಪುಟದ ಕೆಳಗಡೆ Show accent color on title bars and windows borders ಎಂಬ ಸ್ವಿಚ್ ಇದೆ. ಅದನ್ನು ಹಾಕಿದ ಕ್ಷಣ ಚಾಲ್ತಿಯ ಕಿಟಕಿಯ ನೆತ್ತಿಗೆ ಬಣ್ಣ ಏರುತ್ತದೆ.

ಇಲ್ಲೇ ಅದರ ಪಕ್ಕದಲ್ಲಿ Start ಮತ್ತು ಟಾಸ್ಕ್‌ಬಾರಿಗೆ ಬಣ್ಣ ಹಾಕುವ ಇನ್ನೊಂದು ಸ್ವಿಚ್ ಮಂಕಾಗಿ ಕೂತಿರುವುದನ್ನು ನೋಡಿ ಅನೇಕರು ಲ್ಯಾಪ್‌ಟಾಪೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಪುಟದ ಮೇಲಿನ Choose your mode ಎಂಬಲ್ಲಿ Light ಇದ್ದರೆ ಆ ಸ್ವಿಚ್ ಕೆಲಸ ಮಾಡದು. Custom ಆರಿಸಿ, ವಿಂಡೋಸಿಗೆ Dark, ಆ್ಯಪ್‌ಗಳಿಗೆ Light ಎಂದು ಕೊಟ್ಟರೆ ಅದೂ ತೆರೆದುಕೊಳ್ಳುತ್ತದೆ. ಟೈಟಲ್ ಬಾರಿನ ಸ್ವಿಚ್ಚಿಗೆ ಈ ಕಟ್ಟುಪಾಡಿಲ್ಲ.

ಇನ್ನು ಯಾವ ಬಣ್ಣ? ಭಾವ ಮೊದಲು ಹಳದಿ ಆರಿಸಿದರು, ಆಟೋರಿಕ್ಷಾದಷ್ಟು ಗಾಢವಾದದ್ದು. ಹಾಕಿ ನೋಡಿದರೆ ಹೆಚ್ಚೇನೂ ಲಾಭವಾಗಲಿಲ್ಲ. ಕಾರಣ ಇಷ್ಟೇ: ಕಣ್ಣು ಮಸುಕಾದಾಗ ನೆರವಿಗೆ ಬರುವುದು ಬಣ್ಣದ ಜಾತಿಗಿಂತ ಅದರ ಬೆಳಕು-ಕತ್ತಲೆಯ ಅಂತರ. ಚಾಲ್ತಿಯಲ್ಲಿಲ್ಲದ ಕಿಟಕಿಯ ಪಟ್ಟಿ ಬೆಳ್ಳಗೇ ಉಳಿಯುತ್ತದೆ. ಹಳದಿ ಅದಕ್ಕೆ ಹತ್ತಿರದ ಬೆಳಕಿನ ಬಣ್ಣ. ಬಿಳಿಗೂ ಕಪ್ಪಿಗೂ ನಡುವಿನ ಅಂತರವನ್ನು 21 ಎಂದು ಲೆಕ್ಕ ಹಾಕುವ ಅಳತೆಯಲ್ಲಿ, ಬಿಳಿಗೂ ಶುದ್ಧ ಹಳದಿಗೂ ಇರುವ ಅಂತರ 1.1ನ್ನೂ ಮುಟ್ಟುವುದಿಲ್ಲ. ಪೂರ್ತಿ ಒಂದೇ ಆದರೆ ಅದು 1. ಕಡುನೀಲಿ ಹಾಕಿದೆವು. ಪಟ್ಟಿಯ ಮೇಲಿನ ಹೆಸರನ್ನು ವಿಂಡೋಸ್ ತಾನೇ ಬಿಳಿ ಅಕ್ಷರಕ್ಕೆ ತಿರುಗಿಸಿಕೊಂಡಿತು. ಕೆಂಪು-ಹಸಿರು ಗುರುತಿಸಲಾಗದ ಬಣ್ಣಗುರುಡು ಇರುವವರಿಗೂ ಇದೇ ಸೂತ್ರ ಸಾಕು: ಕಡು ಬಣ್ಣ ಹಿಡಿಯಿರಿ, ಅದು ಯಾವುದಾದರೂ ಸರಿ.

ಸರಿಯಾಯಿತೇ ಎಂದು ನೋಡಲು ಒಂದು ಸುಲಭದ ದಾರಿಯುಂಟು. ಎರಡು ಕಿಟಕಿ ಅಕ್ಕಪಕ್ಕ ಇಟ್ಟು, ಕುರ್ಚಿಯನ್ನು ಎರಡು ಮಾರು ಹಿಂದಕ್ಕೆ ಸರಿಸಿ, ಕನ್ನಡಕ ತೆಗೆದು ನೋಡಿ. ಯಾವುದು ಚಾಲ್ತಿಯಲ್ಲಿದೆ ಎಂದು ಆಗಲೂ ಹೇಳಬಲ್ಲಿರಾದರೆ ಬಣ್ಣ ಸರಿಯಾಗಿದೆ.

ಒಂದು ಮಿತಿ ಇದೆ. ಬ್ರೌಸರುಗಳು, ಎಕ್ಸೆಲ್‌ನಂಥ ಆಫೀಸ್ ತಂತ್ರಾಂಶಗಳು ತಮ್ಮ ನೆತ್ತಿಯ ಪಟ್ಟಿಯನ್ನು ತಾವೇ ಬಳಿದುಕೊಳ್ಳುತ್ತವೆ. ವಿಂಡೋಸಿನ ಬಣ್ಣ ಅಲ್ಲಿಗೆ ತಲುಪದೇ ಇರಬಹುದು. ಆಯಾ ತಂತ್ರಾಂಶದ ಥೀಮ್‌ನಲ್ಲೇ ಕಡು ಬಣ್ಣ ಆರಿಸಬೇಕಾಗುತ್ತದೆ. ಭಾವನವರ ಹಳೆಯ ಸಾಫ್ಟ್‌ವೇರಿಗೆ ಆ ತೊಂದರೆ ಇರಲಿಲ್ಲ. ಹಳೆಯದಕ್ಕೂ ಒಮ್ಮೊಮ್ಮೆ ಬೆಲೆ ಬರುತ್ತದೆ.

ಕಿಟಕಿಯ ಕಥೆ ಮುಗಿದರೂ "ಬಾಣ ಎಲ್ಲಿಗೆ ಹೋಯ್ತು ಮಾರಾಯ?" ಎಂಬ ಭಾವನವರ ಗೊಣಗು ನಿಲ್ಲಲಿಲ್ಲ. ಬಿಳಿ ಪುಟದ ಮೇಲೆ ಬಿಳಿ ಬಾಣ, ಸುತ್ತ ಕೂದಲೆಳೆಯಷ್ಟು ಕಪ್ಪು ಗೆರೆ, ಸಿಗುವುದಾದರೂ ಹೇಗೆ? ಮೌಸಿನ ಬಾಣ Settings ಒಳಗಿನ Accessibility ಎಂಬಲ್ಲಿ, Mouse pointer and touch ಪುಟದಲ್ಲಿದೆ. ಅಲ್ಲಿನ Size ಜಾರುಪಟ್ಟಿ 1ರಿಂದ 15ರವರೆಗೆ ಹೋಗುತ್ತದೆ. ಭಾವ ನೇರ 15ಕ್ಕೆ ಎಳೆದರು. ಬಾಣ ಅಂಗೈ ಅಗಲದ ನೇಗಿಲಿನಂತಾಯಿತು. ಕ್ಲಿಕ್ಕು ಬೀಳುವುದು ಬಾಣದ ತುದಿಯಲ್ಲಿ ಮಾತ್ರ; ಉಳಿದ ಮೈಯೆಲ್ಲ ತುದಿಯಿಂದ ಕೆಳಕ್ಕೆ, ಬಲಕ್ಕೆ ಬೆಳೆಯುತ್ತದೆ. ಹಾಗಾಗಿ ಅತಿ ದೊಡ್ಡ ಬಾಣ ತಾನು ತೋರಿಸಿದ ಅಂಕಿಯ ಕೆಳಗಿನ ಎರಡು ಮೂರು ಸಾಲುಗಳನ್ನು ಮುಚ್ಚಿಬಿಡುತ್ತದೆ. ಲೆಕ್ಕದ ಕೆಲಸಕ್ಕೆ ಅದು ಆಗದು. ಇಳಿಸುತ್ತಾ ಬಂದು 4ಕ್ಕೆ ನಿಲ್ಲಿಸಿದೆವು.

ಬಣ್ಣಕ್ಕೆ ನಾಲ್ಕು ದಾರಿಗಳಿವೆ: ಬಿಳಿ, ಕಪ್ಪು, ಹಿನ್ನೆಲೆಗೆ ವಿರುದ್ಧವಾಗಿ ತಿರುಗುವುದು, ನಮ್ಮಿಷ್ಟದ್ದು. ಮೂರನೆಯದು ಬಿಳಿ ಪುಟದ ಮೇಲೆ ಕಪ್ಪಾಗಿ, ಕಪ್ಪಿನ ಮೇಲೆ ಬಿಳಿಯಾಗಿ ಕಾಣುತ್ತದೆ. ಕೇಳಲು ಜಾಣತನದ್ದೇ, ಆದರೆ ನಡುಬೂದಿಯ ವಿರುದ್ಧ ಬಣ್ಣ ನಡುಬೂದಿಯೇ. ಅಂಥ ಹಿನ್ನೆಲೆಯಲ್ಲಿ ಬಾಣ ಮಾಯ. ನಾವು ನಾಲ್ಕನೆಯದರಲ್ಲಿ ಗಾಢ ಗುಲಾಬಿ ಆರಿಸಿದೆವು. ಅದು ಬಿಳಿ ಪುಟದ ಮೇಲೂ ಕಡುನೀಲಿ ಪಟ್ಟಿಯ ಮೇಲೂ ಎದ್ದು ಕಾಣುತ್ತದೆ, ಲೆಕ್ಕದ ಪುಟದಲ್ಲಿ ಬೇರೆಲ್ಲೂ ಇರುವುದಿಲ್ಲ. "ಹೆಂಗಸರ ಉಗುರುಬಣ್ಣದಂಗೆ ಅಲ್ಲನಾ" ಎಂದು ಭಾವ ನಕ್ಕರು. ಬದಲಿಸಲಿಲ್ಲ.

ಅಷ್ಟಾದರೂ ಬಾಣ ತಪ್ಪಿಸಿಕೊಂಡರೆ ಇನ್ನೊಂದು ಉಪಾಯವಿದೆ. ವಿಂಡೋಸ್ ಕೀಲಿಯ ಜೊತೆ R ಒತ್ತಿ ಹೀಗೆ ಟೈಪ್ ಮಾಡಿ:

```
main.cpl
```

ತೆರೆದ ಚೌಕದ Pointer Options ಹಾಳೆಯಲ್ಲಿ, CTRL ಒತ್ತಿದಾಗ ಬಾಣದ ಜಾಗ ತೋರಿಸು ಎಂಬ ಸಾಲಿಗೆ ಗುರುತು ಹಾಕಿ. ಮುಂದೆ CTRL ಒತ್ತಿ ಬಿಟ್ಟರೆ ಬಾಣದ ಸುತ್ತ ವೃತ್ತಗಳು ಕುಗ್ಗುತ್ತಾ ಅದನ್ನು ತೋರಿಸುತ್ತವೆ.

ಕೆಲವರ ಕಂಪ್ಯೂಟರಿನಲ್ಲಿ Colors ಪುಟ ತೆರೆದರೂ ಏನನ್ನೂ ಬದಲಿಸಲು ಬಿಡುವುದಿಲ್ಲ. ಕಚೇರಿಯ ಯಂತ್ರವಾದರೆ ಅಲ್ಲಿನ ತಾಂತ್ರಿಕ ವಿಭಾಗ ಬೀಗ ಹಾಕಿರಬಹುದು. ಮನೆಯದ್ದಾದರೆ ವಿಂಡೋಸ್ ಆ್ಯಕ್ಟಿವೇಟ್ ಆಗಿಲ್ಲದೇ ಇರಬಹುದು. ಪರದೆಯ ಬಲಮೂಲೆಯಲ್ಲಿ ಅದನ್ನು ಹೇಳುವ ಮಸುಕು ಬರಹವೂ ಕಂಡೀತು. ಆಗಲೂ Accessibility ಪುಟಗಳಿಗೆ ಬೀಗವಿಲ್ಲ, ಬಾಣವನ್ನು ಧಾರಾಳವಾಗಿ ದೊಡ್ಡದು ಮಾಡಿಕೊಳ್ಳಬಹುದು.

ಈ ಬದಲಾವಣೆಗಳೆಲ್ಲ ಮಾಡಿಕೊಂಡವರ ಅಕೌಂಟಿಗೆ ಮಾತ್ರ ಅಂಟುತ್ತವೆ. ಅದೇ ಲ್ಯಾಪ್‌ಟಾಪಿನಲ್ಲಿ ಮೊಮ್ಮಗ ತನ್ನ ಹೆಸರಿನಲ್ಲಿ ಲಾಗಿನ್ ಆದರೆ ಅವನಿಗೆ ಸಿಗುವುದು ಮೊದಲಿನ ಸಣ್ಣ ಬಿಳಿ ಬಾಣವೇ.