ಹಗಲು ಟ್ಯಾಲಿ, ಸಂಜೆ ಆಟ: ಒಂದೇ ಮಾನಿಟರ್‌ಗೆ ಎಷ್ಟು ಹರ್ಟ್ಜ್ ಬೇಕು?

ನೆಲಮಂಗಲಕ್ಕೆ ಹೊಂದಿಕೊಂಡ ಅರಿಶಿನಕುಂಟೆಯ ಸುತ್ತ ಈಗ ಗೋದಾಮುಗಳದ್ದೇ ಸಾಲು. ಅವುಗಳ ಬಿಲ್ಲು, ದಾಸ್ತಾನು, ಜಿಎಸ್‌ಟಿ ಲೆಕ್ಕವನ್ನೆಲ್ಲ ಯಾರೋ ಒಬ್ಬರು ಕಂಪ್ಯೂಟರ್ ಮುಂದೆ ಕೂತು ಬರೆಯಲೇಬೇಕು. ಅಂಥದ್ದೊಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಕ್ಕ ಹಗಲಿಡೀ ಟ್ಯಾಲಿ, ಎಕ್ಸೆಲ್, ನುಡಿಯಲ್ಲಿ ಒಂದಿಷ್ಟು ಪತ್ರ ಎಂದು ಕೆಲಸ ಮಾಡುತ್ತಾಳೆ. ಸಂಜೆ ಅದೇ ಮೇಜಿಗೆ ತಮ್ಮ ಬಂದು ಕೂತು ಒಂದೆರಡು ಗಂಟೆ ವ್ಯಾಲೊರಂಟ್ ಆಡುತ್ತಾನೆ, ಇಲ್ಲವೇ ಕಾರು ಓಡಿಸುತ್ತಾನೆ. ಹಳೆಯ ಮಾನಿಟರ್ ಕೈಕೊಟ್ಟಿದೆ, ಹೊಸದು ತರಬೇಕು. 2024ರ ನವೆಂಬರ್‌ನಲ್ಲಿ ಮೆಟ್ರೊ ಮಾದಾವರದವರೆಗೆ ಬಂದ ಮೇಲೆ ಇಲ್ಲಿಂದ ಎಸ್.ಪಿ. ರಸ್ತೆಗೆ ಹೋಗಿಬರುವುದು ಹಿಂದಿನಷ್ಟು ಕಷ್ಟವಲ್ಲ. ಕಷ್ಟವೆಲ್ಲ ಅಂಗಡಿಯಲ್ಲಿ ಶುರುವಾಗುತ್ತದೆ. ಒಂದು ಪೆಟ್ಟಿಗೆಯ ಮೇಲೆ 75 ಹರ್ಟ್ಜ್, ಇನ್ನೊಂದರ ಮೇಲೆ 100, ಮತ್ತೊಂದರ ಮೇಲೆ 180. ಎಲ್ಲದರ ಮೇಲೂ ದಪ್ಪ ಅಕ್ಷರದಲ್ಲಿ ‘1 ಮಿಲಿಸೆಕೆಂಡ್’.

ನನ್ನ ಮಾತು ಇಷ್ಟು: ಇಂಥ ಮನೆಗೆ 100 ಹರ್ಟ್ಜ್ ಸಾಕು, ಆ 1 ಮಿಲಿಸೆಕೆಂಡ್‌ಗೆಂದು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಕಾಗಿಲ್ಲ, ಉಳಿದ ದುಡ್ಡನ್ನು ಅಕ್ಷರ ಸ್ಪಷ್ಟವಾಗಿ ಕಾಣುವುದಕ್ಕೆ ಹಾಕಬೇಕು.

ರಿಫ್ರೆಶ್ ರೇಟ್ ಎಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರಿಸಬಲ್ಲದು ಎಂಬ ಲೆಕ್ಕ. 60 ಹರ್ಟ್ಜ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ. 100ರಲ್ಲಿ 10, 144ರಲ್ಲಿ 6.9, 180ರಲ್ಲಿ 5.6. ಕೊಳ್ಳುವವರು ಸಾಮಾನ್ಯವಾಗಿ ಹರ್ಟ್ಜ್ ಅನ್ನಷ್ಟೇ ನೋಡುತ್ತಾರೆ, ಆದರೆ ನೋಡಬೇಕಾದದ್ದು ಉಳಿಯುವ ಸಮಯವನ್ನು. 60ರಿಂದ 100ಕ್ಕೆ ಹೋದರೆ ಪ್ರತಿ ಚಿತ್ರಕ್ಕೆ 6.7 ಮಿಲಿಸೆಕೆಂಡ್ ಉಳಿಯಿತು. 100ರಿಂದ 144ಕ್ಕೆ 3.1. ಅಲ್ಲಿಂದ 180ಕ್ಕೆ ಬರೀ 1.4. ಮೊದಲ ಜಿಗಿತದಲ್ಲೇ ಹೆಚ್ಚಿನ ಲಾಭ ಕೈಸೇರಿರುತ್ತದೆ. ಆಮೇಲಿನದೂ ನಿಜವೇ, ಆದರೆ ಚಿಕ್ಕದು.

60 ಹರ್ಟ್ಜ್ ಕಣ್ಣಿಗೆ ಕೆಟ್ಟದ್ದು ಎಂಬ ಮಾತು ಇನ್ನೂ ಕೇಳಿಬರುತ್ತದೆ. ಅದು ಗಾಜಿನ ಕೊಳವೆಯ ದಪ್ಪ ಮಾನಿಟರ್‌ಗಳ ಕಾಲದ್ದು. ಅವುಗಳಲ್ಲಿ ಪ್ರತಿ ಸಲ ಚಿತ್ರ ಬರೆಯುವಾಗಲೂ ಬೆಳಕು ಬಂದು ಆರುತ್ತಿತ್ತು, 60ಕ್ಕೆ ಇಟ್ಟರೆ ಮಿಣುಕು ಕಾಣುತ್ತಿತ್ತು, ಅದಕ್ಕೇ 75 ಅಥವಾ 85ಕ್ಕೆ ಏರಿಸಿಕೊಳ್ಳುತ್ತಿದ್ದರು. ಈಗಿನ ಎಲ್‌ಸಿಡಿಯಲ್ಲಿ ಹಿಂದಿನ ದೀಪ ಸಾಮಾನ್ಯವಾಗಿ ಉರಿಯುತ್ತಲೇ ಇರುತ್ತದೆ, ಚಿತ್ರ ಬದಲಾಗುವಾಗ ಮಿಣುಕುವುದಿಲ್ಲ. ವೋಚರ್ ಒಂದನ್ನು ತೆರೆದು ಅಂಕಿ ತುಂಬುವ ಹೊತ್ತಿನಲ್ಲಿ 60ಕ್ಕೂ 180ಕ್ಕೂ ಅಕ್ಕನ ಕಣ್ಣಿಗೆ ಯಾವ ಭೇದವೂ ಇಲ್ಲ.

ಭೇದ ಗೊತ್ತಾಗುವುದು ಪುಟ ಸರಿದಾಗ. ಉದ್ದನೆಯ ಪತ್ರವನ್ನು ಸ್ಕ್ರಾಲ್ ಮಾಡುತ್ತಾ ಒಂದು ಸಾಲನ್ನು ಹುಡುಕುತ್ತಿದ್ದೀರಿ ಎನ್ನಿ. ಪುಟ ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಸರಿಯುತ್ತಿದೆ, ಅಂದರೆ ಫುಲ್ ಎಚ್‌ಡಿ ಪರದೆಯ ಎತ್ತರದಷ್ಟು ಪುಟ ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತಿನಲ್ಲಿ ದಾಟುತ್ತದೆ. ನಿಮ್ಮ ಕಣ್ಣು ಆ ಸಾಲಿನ ಜೊತೆ ತಡೆಯಿಲ್ಲದೆ ಚಲಿಸುತ್ತದೆ. ಪರದೆಯ ಮೇಲಿನ ಚಿತ್ರವಾದರೋ 16.7 ಮಿಲಿಸೆಕೆಂಡ್ ನಿಂತು, ಆಮೇಲೆ ಒಮ್ಮೆಗೇ 16 ಪಿಕ್ಸೆಲ್ ಜಿಗಿಯುತ್ತದೆ. ನಿಂತ ಚಿತ್ರದ ಮೇಲೆ ಕಣ್ಣು ಜಾರಿದ ಆ 16 ಪಿಕ್ಸೆಲ್ಲೇ ಮಸುಕಾಗಿ ಕಾಣುವುದು. 12 ಪಾಯಿಂಟ್‌ನ ಅಕ್ಷರ ಮಾಮೂಲು ಅಳತೆಯಲ್ಲಿ ಕೂರುವ ಜಾಗವೂ 16 ಪಿಕ್ಸೆಲ್ಲೇ. ಹಾಗಾಗಿ ಮಸುಕು ಒಂದಿಡೀ ಅಕ್ಷರದಷ್ಟಾಯಿತು. ಕೆಳಗಿನ ಒತ್ತು ಮೇಲಿನ ಅಕ್ಷರದ ಹೊಟ್ಟೆಯೊಳಕ್ಕೆ ಸೇರಿಹೋಗುತ್ತದೆ. ‘ಕ್ಕ’ ಯಾವುದು, ‘ಕ್ತ’ ಯಾವುದು ಎಂದು ತಿಳಿಯಲು ಪುಟ ನಿಲ್ಲಬೇಕು. 100 ಹರ್ಟ್ಜ್‌ನಲ್ಲಿ ಈ ಮಸುಕು 9.6 ಪಿಕ್ಸೆಲ್‌ಗೆ ಇಳಿಯುತ್ತದೆ. ಸಾಲಿನ ಮೊದಲ ಪದವನ್ನು ಸರಿಯುವಾಗಲೇ ಗುರುತು ಹಿಡಿಯಲು ಸಾಧ್ಯವಾಗುತ್ತದೆ. ಆಫೀಸು ಕೆಲಸಕ್ಕೆ ಹೆಚ್ಚಿನ ಹರ್ಟ್ಜ್ ದಂಡ ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದೊಂದು ಕಾರಣಕ್ಕೆ.

ಇಲ್ಲಿ ಇನ್ನೊಂದನ್ನು ಗಮನಿಸಬೇಕು. ಮೇಲಿನ ಲೆಕ್ಕದಲ್ಲಿ ರೆಸ್ಪಾನ್ಸ್ ಟೈಮ್ ಬರಲೇ ಇಲ್ಲ. ಪಿಕ್ಸೆಲ್‌ಗಳು ಒಂದಿಷ್ಟೂ ಹೊತ್ತು ತೆಗೆದುಕೊಳ್ಳದೆ ಬಣ್ಣ ಬದಲಿಸಿದರೂ 60 ಹರ್ಟ್ಜ್‌ನ ಆ 16 ಪಿಕ್ಸೆಲ್ ಮಸುಕು ಹೋಗುವುದಿಲ್ಲ. ರೆಸ್ಪಾನ್ಸ್ ಟೈಮ್ ಬೇರೆಯದೇ ವಿಷಯ. ಒಂದು ಪಿಕ್ಸೆಲ್ ಒಂದು ಛಾಯೆಯಿಂದ ಇನ್ನೊಂದಕ್ಕೆ ತಿರುಗಲು ತೆಗೆದುಕೊಳ್ಳುವ ಹೊತ್ತು ಅದು. ಒಳಗಿನ ದ್ರವಸ್ಫಟಿಕ ವಿದ್ಯುತ್ತಿನ ಒತ್ತಡಕ್ಕೆ ತಕ್ಕಂತೆ ತಿರುಗುತ್ತದೆ. ಒಂದು ಬೂದು ಬಣ್ಣದಿಂದ ಅದರ ಪಕ್ಕದ ಬೂದು ಬಣ್ಣಕ್ಕೆ ಹೋಗುವಾಗ ಒತ್ತಡದ ವ್ಯತ್ಯಾಸ ಚಿಕ್ಕದು, ತಳ್ಳುವ ಬಲವೂ ಕಡಿಮೆ, ಹಾಗಾಗಿ ತಿರುಗುವುದು ನಿಧಾನ. ಆ ನಿಧಾನವನ್ನು ಮುಚ್ಚಲು ತಯಾರಕರು ಓವರ್‌ಡ್ರೈವ್ ಎಂಬ ಉಪಾಯ ಮಾಡುತ್ತಾರೆ. ಬೇಕಾದ್ದಕ್ಕಿಂತ ಜಾಸ್ತಿ ಒತ್ತಡ ಒಂದು ಕ್ಷಣ ಕೊಟ್ಟು ಬೇಗ ತಿರುಗಿಸುವುದು. ನಿಂತ ಗಾಡಿಯನ್ನು ಜೋರಾಗಿ ನೂಕಿದರೆ ಅದು ನಿಲ್ಲಬೇಕಾದ ಜಾಗ ದಾಟಿ ಹೋಗುವ ಹಾಗೆ, ಇಲ್ಲೂ ಬಣ್ಣ ಗುರಿ ದಾಟುತ್ತದೆ. ಆಗ ಓಡುವ ವಸ್ತುವಿನ ಹಿಂದೆ ಬೆಳ್ಳನೆಯ ಅಂಚೊಂದು ಅಂಟಿಕೊಂಡು ಬರುತ್ತದೆ.

ಪೆಟ್ಟಿಗೆಯ ಮೇಲಿನ 1 ಮಿಲಿಸೆಕೆಂಡ್ ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ಓವರ್‌ಡ್ರೈವನ್ನು ತುತ್ತತುದಿಗೆ ಏರಿಸಿ, ಎಲ್ಲಕ್ಕಿಂತ ವೇಗವಾಗಿ ಬದಲಾದ ಒಂದು ಛಾಯೆಯ ಜೋಡಿಯನ್ನು ಆರಿಸಿ, ಅದರಲ್ಲೂ ಬದಲಾವಣೆಯ ಮೊದಲ ಶೇಕಡ ಹತ್ತು, ಕೊನೆಯ ಶೇಕಡ ಹತ್ತು ಬಿಟ್ಟು ನಡುವಿನದ್ದನ್ನು ಅಳೆಯುವುದು ರೂಢಿ. ದಿನಬಳಕೆಯ ಸೆಟ್ಟಿಂಗ್‌ನಲ್ಲಿ ಒಳ್ಳೆಯ ಐಪಿಎಸ್ ಪ್ಯಾನೆಲ್ ಸರಾಸರಿ 5 ಮಿಲಿಸೆಕೆಂಡ್ ಆಸುಪಾಸಿನಲ್ಲಿದ್ದರೆ ಅದು ಬೇಕಾದಷ್ಟಾಯಿತು. ಲೆಕ್ಕ ಹಾಕಿ ನೋಡಿ: 100 ಹರ್ಟ್ಜ್‌ನಲ್ಲಿ ಒಂದು ಚಿತ್ರ 10 ಮಿಲಿಸೆಕೆಂಡ್ ನಿಲ್ಲುತ್ತದೆ, ಪಿಕ್ಸೆಲ್ ಅದರೊಳಗೆ ಬದಲಾಗಿ ಮುಗಿದರೆ ಸಾಕು. ಪೆಟ್ಟಿಗೆಯಲ್ಲಿ ‘MPRT’ ಎಂದಿದ್ದರೆ ಅದು ಇನ್ನೂ ಬೇರೆ ಅಳತೆ. ಹಿಂದಿನ ದೀಪವನ್ನು ಪ್ರತಿ ಚಿತ್ರಕ್ಕೂ ಹೊತ್ತಿಸಿ ಆರಿಸಿ ಮಸುಕು ಕಡಿಮೆ ಮಾಡಿದಾಗ ಸಿಗುವ ಅಂಕಿ ಅದು. ಆ ವಿಧಾನದಲ್ಲಿ ಪರದೆ ಮಂಕಾಗುತ್ತದೆ, ಹಳೆಯ ಮಿಣುಕು ಮತ್ತೆ ಬರುತ್ತದೆ. ಎಂಟು ಗಂಟೆ ಲೆಕ್ಕ ಬರೆಯುವವರು ಅದನ್ನು ಖಂಡಿತ ಆಫ್ ಮಾಡಿಡಬೇಕು.

ಅಂಕಿಗಿಂತ ಪ್ಯಾನೆಲ್‌ನ ಜಾತಿ ನೋಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಗ್ಗದ ವಿಎ ಪ್ಯಾನೆಲ್‌ಗಳು ಕಪ್ಪಿನಿಂದ ಕಡು ಬೂದಿಗೆ ಹೋಗಲು ಬಹಳ ತಡಮಾಡುತ್ತವೆ. ಆಟದಲ್ಲಿ ಕತ್ತಲ ಓಣಿಯ ಗೋಡೆ ಮಸಿ ಚೆಲ್ಲಿದಂತೆ ಹರಡುತ್ತದೆ, ಕಪ್ಪು ಹಿನ್ನೆಲೆಯಲ್ಲಿ ಬೂದು ಅಕ್ಷರ ಇಟ್ಟುಕೊಂಡು ಕೆಲಸ ಮಾಡುವವರಿಗೆ ಸ್ಕ್ರಾಲ್ ಮಾಡುವಾಗ ಅದೇ ಕಲೆ ಕಾಣುತ್ತದೆ. ಚಳಿಗೆ ದ್ರವಸ್ಫಟಿಕ ಮಂದವಾಗುವುದರಿಂದ, ಪರದೆ ಆನ್ ಮಾಡಿದ ಮೊದಲ ಕೆಲವು ನಿಮಿಷ ಇದು ತುಸು ಹೆಚ್ಚು. ಇಬ್ಬರೂ ಬಳಸುವ ಮೇಜಿಗೆ ಐಪಿಎಸ್ ಕೊಳ್ಳುವುದೇ ನೆಮ್ಮದಿ.

ಈಗ ತಮ್ಮನ ಕಡೆಗೆ ಬರೋಣ. ಮನೆಯ ಕಂಪ್ಯೂಟರ್‌ನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್‌ನೊಳಗಿನದ್ದೇ ಗತಿ ಎಂದುಕೊಳ್ಳಿ. ಭಾರದ ಕಾರಿನ ಆಟ ಸೆಕೆಂಡಿಗೆ 45 ಚಿತ್ರ ಕೊಟ್ಟರೆ ಹೆಚ್ಚು. ಮಾನಿಟರ್ 180 ಇದ್ದ ಮಾತ್ರಕ್ಕೆ ಆ 45 ಎಂಬುದು 180 ಆಗುವುದಿಲ್ಲ. ಇಂಥಲ್ಲಿ ನೆರವಿಗೆ ಬರುವುದು ಅಡಾಪ್ಟಿವ್ ಸಿಂಕ್ ಅಥವಾ ಫ್ರೀಸಿಂಕ್. ಆಟ ಚಿತ್ರ ಕೊಟ್ಟಾಗಲೇ ಪರದೆ ಬದಲಾಗುತ್ತದೆ, ನಡುವೆ ಸೀಳಿದಂತೆ ಕಾಣುವುದಿಲ್ಲ. ಆದರೆ ಇದಕ್ಕೊಂದು ಕೆಳಮಿತಿ ಇದೆ, ಸಾಮಾನ್ಯವಾಗಿ 48 ಹರ್ಟ್ಜ್. 48ರಿಂದ 75ರವರೆಗಿನ ಮಾನಿಟರ್‌ನಲ್ಲಿ ಆಟ 45ಕ್ಕೆ ಇಳಿದೊಡನೆ ಈ ಸೌಲಭ್ಯ ಕೈಬಿಡುತ್ತದೆ, ಚಿತ್ರ ತಡವರಿಸುತ್ತದೆ. 48ರಿಂದ 100ರವರೆಗಿನದ್ದಾದರೆ ಗ್ರಾಫಿಕ್ಸ್ ಡ್ರೈವರ್ ಅದೇ ಚಿತ್ರವನ್ನು ಎರಡೆರಡು ಸಲ ಕಳಿಸಿ 90 ಮಾಡಿಕೊಳ್ಳಲು ಅವಕಾಶವಿದೆ, ಏಕೆಂದರೆ 48ರ ದುಪ್ಪಟ್ಟು 96, ಅದು 100ರೊಳಗೆ ಕೂರುತ್ತದೆ. 75ಕ್ಕೂ 100ಕ್ಕೂ ಇರುವ ಅಂತರ ಬರೀ 25 ಎಂದು ಕಂಡರೂ ಬಡ ಕಂಪ್ಯೂಟರ್‌ಗೆ ಅದು ದೊಡ್ಡ ಅಂತರ.

ವ್ಯಾಲೊರಂಟ್ ಹಗುರವಾದ ಆಟ, ಅದು 100 ದಾಟಬಹುದು. ಪ್ರತ್ಯೇಕ ಕಾರ್ಡ್ ಇದ್ದು, ದಿನವೂ ಗುರಿಯಿಡುವ ಆಟವನ್ನೇ ಹಟ ಹಿಡಿದು ಆಡುವ ಹುಡುಗನಿಗೆ 144 ಅಥವಾ 180 ಕೊಡಿಸುವುದರಲ್ಲಿ ಅರ್ಥವಿದೆ. ಬಿಡುವಿನಲ್ಲಿ ಆಡುವವನಿಗೆ ಇಲ್ಲ. 100ಕ್ಕೂ 180ಕ್ಕೂ ನಡುವೆ ಸಿಗುವುದು ಹೆಚ್ಚೆಂದರೆ 4.4 ಮಿಲಿಸೆಕೆಂಡ್. ಮುಂಬೈ ಸರ್ವರ್‌ಗೆ ಇಲ್ಲಿಂದ ಸಂಕೇತ ಹೋಗಿಬರಲು ಅದರ ಹಲವು ಪಟ್ಟು ಹೊತ್ತು ಬೇಕು.

ಉಳಿದ ಹಣವನ್ನು ಎಲ್ಲಿ ಹಾಕುವುದು? 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಇಂಚಿಗೆ ಸುಮಾರು 92 ಪಿಕ್ಸೆಲ್. ಅದೇ ಫುಲ್ ಎಚ್‌ಡಿಯನ್ನು 27 ಇಂಚಿಗೆ ಹಿಗ್ಗಿಸಿದರೆ 82ಕ್ಕೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರ ಅದರಲ್ಲೂ ನಡೆದೀತು. ಕನ್ನಡದ ಒತ್ತು, ಕೊಂಬು, ದೀರ್ಘ ಇಕ್ಕಟ್ಟಿನಲ್ಲಿ ಕೂರುತ್ತವೆ, ಪಿಕ್ಸೆಲ್ ದೊಡ್ಡದಾದಷ್ಟೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ದೊಡ್ಡದೇ ಬೇಕೆಂದರೆ 27 ಇಂಚಿನಲ್ಲಿ 2560 × 1440 ಪಿಕ್ಸೆಲ್‌ನದ್ದು ಕೊಳ್ಳಿ, ಇಂಚಿಗೆ 109 ಸಿಗುತ್ತದೆ. ಅದರ ಬೆಲೆ ಆಗದಿದ್ದರೆ 24ರಲ್ಲೇ ನಿಲ್ಲುವುದು ಲೇಸು. ಬೆಳಕು ತಗ್ಗಿಸಿದಾಗ ಕೆಲವು ಮಾನಿಟರ್‌ಗಳ ದೀಪ ಮಿಣುಕುತ್ತದೆ, ಅದನ್ನು ಅಂಗಡಿಯಲ್ಲೇ ನೋಡಬಹುದು. ಮಾನಿಟರ್‌ನ ಬೆಳಕನ್ನು ಕಾಲು ಭಾಗಕ್ಕೆ ಇಳಿಸಿ, ಬಿಳಿ ಪುಟ ತೆರೆದು, ಮೊಬೈಲ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ ವೇಗವನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕೆ ಇಟ್ಟು ನೋಡಿ. ಕಪ್ಪು ಪಟ್ಟಿಗಳು ಓಡಿದರೆ ದೀಪ ಹೊತ್ತಿ ಆರುತ್ತಿದೆ ಎಂದರ್ಥ. ಅಂಥದ್ದನ್ನು ಅಕ್ಕನ ಮೇಜಿಗೆ ತರಬೇಡಿ.

ಮನೆಗೆ ತಂದ ಮೇಲೆ ಮಾಡುವ ಕೆಲಸವೊಂದಿದೆ, ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. 100ರ ಮಾನಿಟರ್ ಜೋಡಿಸಿದರೂ ವಿಂಡೋಸ್ ಎಷ್ಟೋ ಬಾರಿ 60ರಲ್ಲೇ ಉಳಿದುಕೊಳ್ಳುತ್ತದೆ. ವಿಂಡೋಸ್ 11ರಲ್ಲಿ ಇಲ್ಲಿಗೆ ಹೋಗಿ:

```
Settings > System > Display > Advanced display
```

ಅಲ್ಲಿ `Choose a refresh rate` ಎದುರು 100 ಆರಿಸಿ. ಪಟ್ಟಿಯಲ್ಲಿ 100 ಕಾಣದಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ ಇರಲಿ. ಹಳೆಯ ಕಂಪ್ಯೂಟರ್‌ನ ನೀಲಿ ವಿಜಿಎ ಪೋರ್ಟಿನಿಂದ ಪರಿವರ್ತಕ ಹಾಕಿ ಎಚ್‌ಡಿಎಂಐಗೆ ತಂದಿದ್ದರೆ ಸಾಮಾನ್ಯವಾಗಿ 60ಕ್ಕೇ ಮುಗಿಯಿತು. ನೇರ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಬಳಸಿ.

ನಂತರ ಬ್ರೌಸರ್‌ನಲ್ಲಿ `testufo.com` ತೆರೆದರೆ ಹಾರುವ ತಟ್ಟೆಗಳು ಸಾಲಾಗಿ ಓಡುತ್ತವೆ. ಒಂದನ್ನು ಕಣ್ಣಿನಲ್ಲೇ ಹಿಂಬಾಲಿಸಿ. ಮಾನಿಟರ್‌ನ ಮೆನುವಿನಲ್ಲಿ `Overdrive` ಅಥವಾ `Response Time` ಎಂದಿರುವ ಕಡೆ ಒಂದೊಂದೇ ಹಂತ ಏರಿಸುತ್ತಾ ಹೋಗಿ. ಮೊದಮೊದಲು ತಟ್ಟೆಯ ಹಿಂದಿನ ನೆರಳು ತೆಳುವಾಗುತ್ತದೆ, ಒಂದು ಹಂತದಲ್ಲಿ ಅದರ ಜಾಗಕ್ಕೆ ಬೆಳ್ಳನೆಯ ಅಂಚು ಬರುತ್ತದೆ. ಆ ಅಂಚು ಕಂಡ ಹಂತದಿಂದ ಒಂದು ಕೆಳಗಿಳಿಸಿ ಬಿಟ್ಟುಬಿಡಿ. ಅನೇಕ ಮಾನಿಟರ್‌ಗಳಲ್ಲಿ ಅದು ನಡುವಿನ ಹಂತವೇ ಆಗಿರುತ್ತದೆ, ಟ್ಯಾಲಿಗೂ ಆಟಕ್ಕೂ ಮತ್ತೆ ಬದಲಿಸಬೇಕಾಗುವುದಿಲ್ಲ.