ಮಡ್‌ಗಾರ್ಡಿನ ಮೇಲೊಂದು ಗೆರೆ

ಟಿಂಕರಿಂಗ್ ಶೆಡ್ಡಿನ ಹಳೆಯ ಕೆಲಸಗಾರರು ಕಾರಿನ ಬಾಗಿಲನ್ನು ನೇರವಾಗಿ ನೋಡುವುದಿಲ್ಲ. ಪಕ್ಕಕ್ಕೆ ಕೂತು, ಓರೆಗಣ್ಣಿನಲ್ಲಿ, ಅದರ ಮೇಲೆ ಬಿದ್ದ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ನೋಡುತ್ತಾರೆ. ಬೆಳಕಿನ ಪಟ್ಟಿ ಸಲೀಸಾಗಿ ಹರಿದರೆ ತಗಡು ಸರಿಯಾಗಿದೆ. ಎಲ್ಲಾದರೂ ನಡುಗಿದರೆ ಅಲ್ಲಿ ಇನ್ನೂ ನೆಗ್ಗಿದೆ. ಕಂಪ್ಯೂಟರಿನಲ್ಲಿ ಕಾರು ಕಡೆಯುವವರ ಪರೀಕ್ಷೆಯೂ ಇದೇ. ಅವರು ಮಾದರಿಯ ಮೇಲೆ ಕಪ್ಪು-ಬಿಳಿ ಪಟ್ಟೆಗಳ ಪ್ರತಿಬಿಂಬ ಬೀಳಿಸುತ್ತಾರೆ, ಅದನ್ನು ಜೀಬ್ರಾ ಎನ್ನುತ್ತಾರೆ. ಆದರೆ ಅವರ ಕೈಯಲ್ಲಿರುವುದು ತಗಡಲ್ಲ, ಸುತ್ತಿಗೆಯೂ ಅಲ್ಲ. ಬೆರಳೆಣಿಕೆಯ ಬಿಂದುಗಳು, ಅವುಗಳನ್ನು ಜೋಡಿಸುವ ಗೆರೆಗಳು, ಅಷ್ಟೇ.

ಮುಂಚಕ್ರದ ಮೇಲಿನ ಮಡ್‌ಗಾರ್ಡ್, ಅಂದರೆ ಫೆಂಡರನ್ನೇ ತೆಗೆದುಕೊಳ್ಳೋಣ. ಬ್ಲೆಂಡರಿನಂಥ ತಂತ್ರಾಂಶದಲ್ಲಿ ಕೆಲಸ ಶುರುವಾಗುವುದು ಒಂದು ಒರಟು ಹಂದರದಿಂದ: ಉದ್ದಕ್ಕೆ ಎಂಟು, ಎತ್ತರಕ್ಕೆ ಐದು, ಒಟ್ಟು 40 ಚೌಕಗಳು. ನೋಡಲು ರಟ್ಟು ಮಡಿಸಿ ಮಾಡಿದ ಆಟಿಕೆಯಂತಿರುತ್ತದೆ. ಸಬ್‌ಡಿವಿಷನ್ ಚಾಲೂ ಮಾಡಿದ ಕೂಡಲೇ ಪ್ರತಿ ಚೌಕ ನಾಲ್ಕಾಗುತ್ತದೆ. 40 ಇದ್ದದ್ದು 160, ಮತ್ತೊಮ್ಮೆ ಮಾಡಿದರೆ 640. ಬರೀ ಸೀಳುವುದಾದರೆ ರಟ್ಟು ರಟ್ಟಾಗಿಯೇ ಉಳಿಯುತ್ತಿತ್ತು. ಸೀಳುವಾಗ ಪ್ರತಿ ಬಿಂದುವೂ ಅಕ್ಕಪಕ್ಕದ ಬಿಂದುಗಳ ಸರಾಸರಿಯ ಕಡೆಗೆ ಸ್ವಲ್ಪ ಜರುಗುತ್ತದೆ, ಮೂಲೆಗಳು ಕರಗುತ್ತವೆ. ಎಡ್ವಿನ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ 1978ರಲ್ಲಿ ಪ್ರಕಟಿಸಿದ ಈ ಸರಾಸರಿಯ ಸೂತ್ರವನ್ನೇ ಇಂದಿಗೂ ಹೆಚ್ಚಿನ ತಂತ್ರಾಂಶಗಳು ಬಳಸುತ್ತವೆ. ಕ್ಯಾಟ್ಮಲ್ ಮುಂದೆ ಪಿಕ್ಸಾರ್ ಕಟ್ಟಿದವರಲ್ಲಿ ಒಬ್ಬರಾದರು. ಕ್ಲಾರ್ಕ್ ಸಿಲಿಕಾನ್ ಗ್ರಾಫಿಕ್ಸ್ ಸ್ಥಾಪಿಸಿದರು.

ಇದರಲ್ಲಿ ಒಂದು ವಿಚಿತ್ರವಿದೆ. ಮೈ ನುಣುಪಾಗುವುದು ತನ್ನಿಂದ ತಾನೇ ಆಗುತ್ತದೆ. ಅದಕ್ಕೆ ಯಾರೂ ಬೆವರು ಸುರಿಸಬೇಕಿಲ್ಲ. ಬೆವರಿಳಿಸುವುದು ಅದರ ವಿರುದ್ಧದ ಕೆಲಸ, ಎಲ್ಲವೂ ಸಾಬೂನಿನ ಬಿಲ್ಲೆಯಂತೆ ಕರಗಿಹೋಗದಂತೆ ಬೇಕಾದ ಕಡೆ ಬಿಗಿಯಾಗಿ ಹಿಡಿಯುವುದು. ಹಳೆಯ ಅಂಬಾಸಿಡರಿನ ದುಂಡು ಮಡ್‌ಗಾರ್ಡಿಗೆ ಈ ಕಷ್ಟ ಅಷ್ಟಾಗಿ ಇಲ್ಲ, ದೂರದೂರಕ್ಕೆ ನಾಲ್ಕು ಗೆರೆ ಎಳೆದರೆ ಸಾಕು, ಉಬ್ಬು ತಾನಾಗಿ ಬರುತ್ತದೆ. ಈಗಿನ ಕಾರುಗಳ ಪಕ್ಕದಲ್ಲಿ ಹೆಡ್‌ಲ್ಯಾಂಪಿನಿಂದ ಹಿಂದಿನ ಬಾಗಿಲಿನವರೆಗೆ ಓಡುವ ಚೂಪು ಏಣು, ವಿನ್ಯಾಸಕಾರರ ಬಾಯಲ್ಲಿ ಕ್ಯಾರೆಕ್ಟರ್ ಲೈನ್, ಹಾಗೆ ಬರುವುದಿಲ್ಲ.

ಅದನ್ನು ಹಿಡಿಯುವ ಸಾಧನವೇ ಎಡ್ಜ್ ಲೂಪ್. ಚೌಕದಿಂದ ಚೌಕಕ್ಕೆ, ಒಂದರ ತುದಿಗೆ ಇನ್ನೊಂದು ಸೇರಿ ಹಂದರದ ಉದ್ದಕ್ಕೂ ಹರಿಯುವ ಅಂಚುಗಳ ಸಾಲು ಅದು. ಏಣು ಬೇಕಾದಲ್ಲಿ ಮೂರು ಲೂಪು ಹಾಕುತ್ತಾರೆ: ನಡುವಿನದು ಏಣಿನ ಮೇಲೆ, ಉಳಿದೆರಡು ಅದರ ಮೇಲೊಂದು ಕೆಳಗೊಂದು, ಕಾವಲುಗಾರರಂತೆ. ಕಾವಲಿನ ಲೂಪುಗಳು ಹತ್ತಿರ ಬಂದಷ್ಟೂ ಏಣು ಚೂಪು, ದೂರ ಹೋದಷ್ಟೂ ಮೊಂಡು. ಎಷ್ಟು ಚೂಪು ಎಂಬುದನ್ನು ಲೆಕ್ಕ ಹಾಕಿಯೇ ಹೇಳಬಹುದು. ಏಣಿನಲ್ಲಿ ಹಂದರ 30 ಡಿಗ್ರಿ ತಿರುಗುತ್ತದೆ ಎಂದುಕೊಳ್ಳಿ. ಕಾವಲಿನ ಲೂಪುಗಳು ಎರಡೂ ಕಡೆ 30 ಮಿಲಿಮೀಟರ್ ದೂರದಲ್ಲಿದ್ದರೆ, ಏಣಿನ ನೆತ್ತಿಯಲ್ಲಿ ಬಾಗಿನ ತ್ರಿಜ್ಯ ಸುಮಾರು 54 ಮಿಲಿಮೀಟರ್. ಹೊಳಪು ಅಲ್ಲಿ ಅಗಲವಾಗಿ, ಮೆತ್ತಗೆ ಹರಡುತ್ತದೆ. ಅದೇ ಲೂಪುಗಳನ್ನು 10 ಮಿಲಿಮೀಟರಿಗೆ ಎಳೆದು ತಂದರೆ ತ್ರಿಜ್ಯ ಸುಮಾರು 18ಕ್ಕೆ ಇಳಿದು ಹೊಳಪು ತೆಳುವಾದ ಗೆರೆಯಾಗುತ್ತದೆ. ಕೋನ ಅಷ್ಟೇ ಇದ್ದರೆ ದೂರ ಅರ್ಧವಾದಾಗ ತ್ರಿಜ್ಯವೂ ಅರ್ಧವಾಗುತ್ತದೆ. ಚಕ್ರದ ಕಮಾನಿನ ಅಂಚಿನಲ್ಲಿ ತಗಡು ಒಳಕ್ಕೆ 90 ಡಿಗ್ರಿ ಮಡಚಿಕೊಳ್ಳುವಲ್ಲಿಯೂ ನಿಯಮ ಇದೇ, ಆದರೆ ಅಲ್ಲಿ ತ್ರಿಜ್ಯ ಲೂಪಿನ ದೂರದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ.

ಇಷ್ಟು ಗೊತ್ತಾದ ಹೊಸಬರು ಕಂಡಕಂಡಲ್ಲಿ ಲೂಪು ಹಾಕತೊಡಗುತ್ತಾರೆ. ಬ್ಲೆಂಡರಿನಲ್ಲಿ Ctrl+R ಒತ್ತಿದರೆ ಒಂದು ಲೂಪು ಸಿದ್ಧ, ಖರ್ಚೇನೂ ಇಲ್ಲ. ಜೀಬ್ರಾ ಹಾಕಿ ನೋಡಿದಾಗ ಖರ್ಚು ಕಾಣುತ್ತದೆ. ಏಣಿಗೆಂದು ಹಾಕಿದ ಕಾವಲಿನ ಲೂಪು ಏಣಿನ ಬಳಿಯೇ ನಿಲ್ಲುವುದಿಲ್ಲ, ಹಂದರದ ಕೊನೆಯವರೆಗೂ ಓಡುತ್ತದೆ. ಏಣು ಇಲ್ಲದ, ಬರೀ ಮೆಲ್ಲಗೆ ಉಬ್ಬಿದ ಜಾಗಕ್ಕೂ ಅದು ನುಗ್ಗುತ್ತದೆ. ಹೊಸ ಲೂಪಿನ ಬಿಂದುಗಳು ಹುಟ್ಟುವುದು ಹಳೆಯ ಎರಡು ಬಿಂದುಗಳ ನಡುವಿನ ನೇರ ಗೆರೆಯ ಮೇಲೆ. ಹಾಗೆ ಮೂರು ಬಿಂದುಗಳು ಒಂದೇ ಸರಳರೇಖೆಯಲ್ಲಿ ಕೂತರೆ, ನಡುವಿನ ಬಿಂದುವಿನಲ್ಲಿ ಆ ದಿಕ್ಕಿನ ಬಾಗು ಸೊನ್ನೆಯಾಗುತ್ತದೆ. ಇದು ಸೂತ್ರದ ಗುಣ, ತಂತ್ರಾಂಶದ ದೋಷವಲ್ಲ. ಅಲ್ಲಿ ಕಳೆದುಹೋದ ಬಾಗು ಪಕ್ಕದ ಬಿಂದುಗಳ ಬಳಿ ಗುಡ್ಡೆಯಾಗುತ್ತದೆ. ಬೂದುಬಣ್ಣದ ಮಾದರಿಯಲ್ಲಿ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಪಟ್ಟೆಗಳು ಮಾತ್ರ ಅಲ್ಲಿಗೆ ಬಂದು ಒಮ್ಮೆ ನೆಟ್ಟಗಾಗಿ, ಮರುಕ್ಷಣ ಬಳುಕುತ್ತವೆ, ಥೇಟ್ ನೆಗ್ಗು ತೆಗೆದು ಅರ್ಧಕ್ಕೆ ಬಿಟ್ಟ ತಗಡಿನಂತೆ.

ಇದಕ್ಕೆ ಇನ್ನೊಂದು ಲೂಪು ಹಾಕುವುದು ಮದ್ದಲ್ಲ, ಆದರೂ ಹೆಚ್ಚಿನವರು ಮೊದಲು ಮಾಡುವುದು ಅದನ್ನೇ. ನುರಿತವರು ಇರುವ ಲೂಪುಗಳನ್ನೇ ಜರುಗಿಸುತ್ತಾರೆ. ನಮ್ಮ ಫೆಂಡರಿನಲ್ಲಿ ಏಣು ಬಾಗಿಲಿನ ಕಡೆ ಚೂಪಾಗಿದ್ದು ಹೆಡ್‌ಲ್ಯಾಂಪಿನ ಹತ್ತಿರ ಮಾಯವಾಗಬೇಕು ಎನ್ನೋಣ. ಬಾಗಿಲಿನ ಅಂಚಿನಲ್ಲಿ ಕಾವಲಿನ ಲೂಪುಗಳು ಏಣಿನಿಂದ 10 ಮಿಲಿಮೀಟರ್ ದೂರ. ಮುಂದಕ್ಕೆ ಬರುತ್ತಾ ಅವು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ: 15, 25, 45, 80. ಕೊನೆಗೆ ಅವು ಹಂದರದ ಉಳಿದ ಸಾಲುಗಳಷ್ಟೇ ಅಂತರದಲ್ಲಿ ಇರುತ್ತವೆ. ಜೊತೆಗೆ ಆ ಬಿಂದುಗಳನ್ನು ಸರಳರೇಖೆಯಿಂದ ಎತ್ತಿ ಉಬ್ಬಿನ ಮೇಲೆ ಕೂರಿಸುತ್ತಾರೆ. ಆಗ ಆ ಲೂಪು ಕಾವಲುಗಾರನ ಕೆಲಸ ಬಿಟ್ಟು ಉಬ್ಬಿನ ಒಂದು ಪಾಲಾಗುತ್ತದೆ. ಏಣು ಎಲ್ಲಿ ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗದ ಹಾಗೆ ಅದು ಕರಗುತ್ತದೆ.

ಲೂಪು ಬಿಟ್ಟು ಬೇರೆ ದಾರಿಯೂ ಇದೆ. ಅಂಚಿಗೆ ಕ್ರೀಸ್ ಎಂಬ ಬೆಲೆ ಕೊಟ್ಟರೆ ಸರಾಸರಿಯ ಸೂತ್ರ ಆ ಅಂಚನ್ನು ಕರಗಿಸದೆ ಬಿಡುತ್ತದೆ. ಅರೆಚೂಪು ಕ್ರೀಸಿನ ಉಪಾಯ ಪಿಕ್ಸಾರಿನದು. 1997ರ ‘ಗೇರೀಸ್ ಗೇಮ್’ ಕಿರುಚಿತ್ರದ ಮುದುಕನ ರೂಪದ ಹಿಂದೆ ಸಬ್‌ಡಿವಿಷನ್ ಕೆಲಸ ಮಾಡಿದೆ. ಪಾತ್ರಗಳಿಗೆ ಅದು ಸೊಗಸು. ಕಾರಿಗೆ ಪೂರ್ತಿ ಕ್ರೀಸ್ ಕೊಟ್ಟರೆ ತ್ರಿಜ್ಯ ಸೊನ್ನೆಯಾಗುತ್ತದೆ, ಹೊಳಪು ಹಿಡಿಯಲು ಅಂಚಿನಲ್ಲಿ ಜಾಗವೇ ಇರುವುದಿಲ್ಲ. ನಿಜವಾದ ತಗಡು ಹಾಗೆ ಮಡಚುವುದಿಲ್ಲ. ಆದ್ದರಿಂದ ಕ್ರೀಸಿನ ಕಾರು ಕಾಗದದ್ದೆಂದು ಕಾಣುತ್ತದೆ.

ಲೂಪಿನಿಂದಲೂ ಕ್ರೀಸಿನಿಂದಲೂ ಬಗೆಹರಿಯದ ಜಾಗ ಒಂದಿದೆ. ಚಕ್ರದ ಕಮಾನನ್ನು ಸುತ್ತುವ ಲೂಪುಗಳು ಫೆಂಡರಿನ ಉದ್ದದ ಲೂಪುಗಳನ್ನು ಸಂಧಿಸುವ ಮೂಲೆಯಲ್ಲಿ, ನಾಲ್ಕರ ಬದಲು ಐದು ಅಂಚುಗಳು ಸೇರುವ ಬಿಂದು ಬಂದೇ ಬರುತ್ತದೆ. ಅದಕ್ಕೆ ಪೋಲ್ ಎನ್ನುತ್ತಾರೆ. ನಾಲ್ಕು ಅಂಚು ಸೇರುವ ಕಡೆಯೆಲ್ಲ ಬಾಗು ಎಲ್ಲೂ ತುಂಡಾಗದೆ ಮುಂದುವರಿಯುವ ಖಾತರಿಯನ್ನು ಸೂತ್ರ ಕೊಡುತ್ತದೆ. ಪೋಲಿನಲ್ಲಿ ಆ ಖಾತರಿ ಇಲ್ಲ. ಮೈ ಮುರಿಯುವುದಿಲ್ಲ, ಆದರೆ ಪಟ್ಟೆಗಳು ಚಿವುಟಿದಂತೆ ಒಂದೆಡೆ ಸೇರುತ್ತವೆ. ಅದನ್ನು ಅಳಿಸಲಾಗದು, ಸಾಗಿಸಬಹುದು. ಹಾಗಾಗಿ ಅನುಭವಿಗಳು ಪೋಲನ್ನು ಹೊಳಪು ಬೀಳುವ ಉಬ್ಬಿನಿಂದ ಕೆಳಕ್ಕೆ, ಚಪ್ಪಟೆಯಾದ ಕಡೆಗೆ ತಳ್ಳುತ್ತಾರೆ, ಬಂಪರ್ ಮುಚ್ಚುವ ಮೂಲೆ ಸಿಕ್ಕರೆ ಇನ್ನೂ ಒಳ್ಳೆಯದು.

ಜಾಹೀರಾತಿಗೆ, ಆಟಕ್ಕೆ, ಸಿನಿಮಾಕ್ಕೆ, ವಿನ್ಯಾಸದ ಮೊದಲ ಕರಡಿಗೆ ಇಷ್ಟು ಸಾಕು. ಅಚ್ಚು ಕಡೆದು ತಗಡು ಒತ್ತಬೇಕಾದಾಗ ಮಾತ್ರ ಕಾರ್ಖಾನೆಯವರು ಸಾಮಾನ್ಯವಾಗಿ ಇದನ್ನು ಹಾಗೆಯೇ ತೆಗೆದುಕೊಳ್ಳುವುದಿಲ್ಲ. ಬಿಂದುವನ್ನು ಎಲ್ಲಿಟ್ಟರೂ ಮೈ ಅದರ ಮೂಲಕ ಹಾಯುವುದಿಲ್ಲ; ನಮ್ಮ 30 ಮಿಲಿಮೀಟರಿನ ಉದಾಹರಣೆಯಲ್ಲಿ ಏಣು ಹಂದರಕ್ಕಿಂತ ಸುಮಾರು ಎರಡೂವರೆ ಮಿಲಿಮೀಟರ್ ಒಳಗೇ ಉಳಿದಿರುತ್ತದೆ. ಅಲಿಯಾಸ್‌ನಂಥ ತಂತ್ರಾಂಶದ ಮುಂದೆ ಕೂತ ಇನ್ನೊಬ್ಬ ಕುಶಲಿ ಈ ಮಾದರಿಯನ್ನು ಅಡಿಯಲ್ಲಿಟ್ಟುಕೊಂಡು, ಕ್ಲಾಸ್ ಎ ಎನ್ನಿಸಿಕೊಳ್ಳುವ ಮೇಲ್ಮೈಯನ್ನು ತುಂಡುತುಂಡಾಗಿ ಹೊಸದಾಗಿ ಎಳೆಯುತ್ತಾರೆ. ಮತ್ತೆ ಜೀಬ್ರಾ ಹಾಕಿ, ಪಟ್ಟೆ ಎಲ್ಲಿ ಬಳುಕುತ್ತದೆಂದು ನೋಡುತ್ತಾರೆ.